ಆಡ್ಸ್ ರೇಷಿಯೊ 2.25 ಎಂದರೆ ಅಪಾಯ ಎರಡೂಕಾಲು ಪಟ್ಟು ಅಲ್ಲ

ವಿಜಯಪುರ ಜಿಲ್ಲೆಯ ಒಂದು ತಾಲ್ಲೂಕಿನ 200 ಗರ್ಭಿಣಿಯರಲ್ಲಿ ರಕ್ತಹೀನತೆಯನ್ನು ಅಧ್ಯಯನ ಮಾಡುತ್ತಿದ್ದೇವೆ ಎಂದಿಟ್ಟುಕೊಳ್ಳೋಣ; ಇಲ್ಲಿನ ಅಂಕಿಗಳು ಲೆಕ್ಕ ತಿಳಿಯಲೆಂದು ಕಲ್ಪಿಸಿಕೊಂಡವು. ಮೊದಲು ಉತ್ತರವನ್ನು ಹೌದು–ಇಲ್ಲ ರೂಪಕ್ಕೆ ತರಬೇಕು. ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ ಪ್ರತಿ ಡೆಸಿಲೀಟರಿಗೆ 11 ಗ್ರಾಂಗಿಂತ ಕಡಿಮೆ ಇದ್ದರೆ 1, ಇಲ್ಲವಾದರೆ 0. ಕಬ್ಬಿಣಾಂಶದ ಮಾತ್ರೆ ತಪ್ಪಿಸಿದವರಿಗೆ 1, ಸರಿಯಾಗಿ ನುಂಗಿದವರಿಗೆ 0. ಬಾಯಿಮಾತಿನಲ್ಲಿ ಕೇಳಿದರೆ ಬಹುತೇಕರು ‘ತಗೋತೀನ್ರೀ’ ಎಂದೇ ಹೇಳುವುದರಿಂದ, ಮನೆಯಲ್ಲಿರುವ ಮಾತ್ರೆಯ ಖಾಲಿ ಸ್ಟ್ರಿಪ್‌ಗಳನ್ನು ಎಣಿಸುವುದು ಮೇಲು.

ಮಾತ್ರೆ ತಪ್ಪಿಸಿದ 100 ಮಂದಿಯಲ್ಲಿ 60 ಜನರಿಗೆ, ನುಂಗಿದ 100 ಮಂದಿಯಲ್ಲಿ 40 ಜನರಿಗೆ ರಕ್ತಹೀನತೆ ಇದೆ ಎನ್ನೋಣ. ಆಡ್ಸ್ ಎಂದರೆ ಇದ್ದವರನ್ನು ಇಲ್ಲದವರಿಂದ ಭಾಗಿಸಿದ್ದು. ಒಟ್ಟು ಜನರಿಂದ ಭಾಗಿಸಿದ್ದಲ್ಲ. ತಪ್ಪಿಸಿದವರಲ್ಲಿ ಅದು 60/40, ಅಂದರೆ 1.5, ನುಂಗಿದವರಲ್ಲಿ 40/60, ಅಂದರೆ 0.67. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬರುವ 2.25 ಆಡ್ಸ್ ರೇಷಿಯೊ.

ಸಂಭವನೀಯತೆಗೆ ನೇರವಾಗಿ ಸರಳರೇಖೆ ಹೊಂದಿಸಿದರೆ ಅದು 1ನ್ನು ದಾಟಬಹುದು, 0ಗಿಂತ ಕೆಳಗೂ ಇಳಿಯಬಹುದು. ಆದ್ದರಿಂದ ಲಾಜಿಸ್ಟಿಕ್ ರಿಗ್ರೆಷನ್ ಆಡ್ಸ್‌ನ ಲಾಗ್‌ಗೆ ರೇಖೆ ಹೊಂದಿಸುತ್ತದೆ. ಈ 0–1 ಅಂಕಿಗಳ ಕೋಷ್ಟಕ `d`, ಅದರಲ್ಲಿ ರಕ್ತಹೀನತೆಯ ಅಂಕಣ `anemia`, ಮಾತ್ರೆ ತಪ್ಪಿಸಿದ್ದರ ಅಂಕಣ `missed` ಎಂದಾದರೆ R ತಂತ್ರಾಂಶದಲ್ಲಿ ಇಷ್ಟು ಸಾಕು:

```
m <- glm(anemia ~ missed, family = binomial, data = d)
coef(m)
exp(coef(m))
exp(confint.default(m))
```

ಪರದೆಯ ಮೇಲೆ `missed` ಎದುರಿಗೆ ಮೊದಲು ಕಾಣುವ ಗುಣಾಂಕ 0.81, ಅದು ಲಾಗ್ ಆದ್ದರಿಂದ `exp` ಹಾಕಿದ ಮೇಲೆಯೇ 2.25 ಸಿಗುತ್ತದೆ. 95 ಪ್ರತಿಶತ ವಿಶ್ವಾಸಾಂತರ 1.28ರಿಂದ 3.96; ಅದರೊಳಗೆ 1 ಬಂದಿದ್ದರೆ ಎರಡು ಗುಂಪುಗಳ ನಡುವೆ ವ್ಯತ್ಯಾಸವಿದೆ ಎನ್ನಲು ಈ ಮಾಹಿತಿ ಸಾಲುತ್ತಿರಲಿಲ್ಲ. ಉತ್ತರ 0.44 ಎಂದು ಬಂದರೆ ಗಾಬರಿ ಬೇಡ, ಯಾವುದೋ ಒಂದು ಅಂಕಣದಲ್ಲಿ 0 ಮತ್ತು 1 ಅದಲುಬದಲಾಗಿವೆ, 1ನ್ನು 2.25ರಿಂದ ಭಾಗಿಸಿ ನೋಡಿದರೆ ತಿಳಿಯುತ್ತದೆ.

ಹೆಚ್ಚಿನ ವರದಿಗಳು ಎಡವುವುದು ಇದರ ನಂತರ. ‘ಮಾತ್ರೆ ತಪ್ಪಿಸಿದವರಿಗೆ ಅಪಾಯ ಎರಡೂಕಾಲು ಪಟ್ಟು’ ಎಂದು ಬರೆದರೆ ತಪ್ಪಾಗುತ್ತದೆ, ಏಕೆಂದರೆ ಅಪಾಯ ನೂರಕ್ಕೆ 40ರಿಂದ 60ಕ್ಕೆ, ಅಂದರೆ ಒಂದೂವರೆ ಪಟ್ಟಷ್ಟೇ ಏರಿದೆ. ಇದೇ ರಕ್ತಹೀನತೆ ನೂರಕ್ಕೆ 6 ಮತ್ತು 4 ಜನರಲ್ಲಿ ಮಾತ್ರ ಇದ್ದಿದ್ದರೆ ಆಡ್ಸ್ ರೇಷಿಯೊ 1.53 ಆಗಿ, ಒಂದೂವರೆಗೆ ಬಹುತೇಕ ಸಮನಾಗುತ್ತಿತ್ತು. ಕಾಯಿಲೆ ವಿರಳವಾದಷ್ಟೂ ಆಡ್ಸ್ ರೇಷಿಯೊ ಮತ್ತು ಅಪಾಯದ ಪಟ್ಟು ಎರಡೂ ಹತ್ತಿರವಾಗುತ್ತವೆ, ಸಾಮಾನ್ಯವಾದಷ್ಟೂ ದೂರ ಸರಿಯುತ್ತವೆ. ಆದ್ದರಿಂದ ರಕ್ತಹೀನತೆಯಂಥ ವ್ಯಾಪಕ ಸಮಸ್ಯೆಯಲ್ಲಿ 2.25ರ ಪಕ್ಕದಲ್ಲೇ 60 ಮತ್ತು 40 ಎಂಬ ಮೂಲ ಅಂಕಿಗಳನ್ನೂ ಬರೆಯಬೇಕೆಂಬುದು ನನ್ನ ಹಟ.

ವಯಸ್ಸು, ಹೆರಿಗೆಗಳ ಸಂಖ್ಯೆ ಮುಂತಾದವುಗಳನ್ನು `missed` ನಂತರ `+` ಹಾಕಿ ಸೇರಿಸಬಹುದು; ಆಗ ಬರುವುದು ಅವು ಸಮನಾಗಿರುವ ಹೆಂಗಸರ ನಡುವಿನ ಹೋಲಿಕೆ. ಆದರೂ ಒಂದು ತೊಡಕು ಉಳಿಯುತ್ತದೆ. ಮೊದಲ ತಪಾಸಣೆಯಲ್ಲೇ ರಕ್ತ ಕಡಿಮೆ ಇದ್ದವಳಿಗೆ ಆಶಾ ಕಾರ್ಯಕರ್ತೆ ಬೆನ್ನುಹತ್ತಿ ಮಾತ್ರೆ ನುಂಗಿಸಿದ್ದರೆ, ರಕ್ತಹೀನರೇ ನುಂಗಿದವರ ಗುಂಪಿನಲ್ಲಿ ತುಂಬಿ, ಮಾತ್ರೆಯ ಪ್ರಯೋಜನ ಇದ್ದುದಕ್ಕಿಂತ ಕಡಿಮೆ ಕಾಣುತ್ತದೆ. ಅದಕ್ಕಾಗಿ ತಾಯಿ ಕಾರ್ಡಿನಿಂದ ಮೊದಲ ತಪಾಸಣೆಯ ಹಿಮೋಗ್ಲೋಬಿನ್ ಅನ್ನೂ ಬರೆದುಕೊಂಡು ಮಾದರಿಗೆ ಸೇರಿಸಬೇಕು.