ಎದ್ದ ಕೂಡಲೇ ಬಗ್ಗಬೇಡಿ: ಕಚೇರಿ ಕೆಲಸದವರಿಗೆ ಬೆಳಗಿನ ಯೋಗ, ಮೊದಲ ಹೆಜ್ಜೆಗಳು

ಯೋಗ ಕಲಿಯಲು ಹೊಸದಾಗಿ ಬರುವವರಲ್ಲಿ ಹೆಚ್ಚಿನವರು ಚಾಪೆ ಹಾಸುವ ಮೊದಲೇ ನನಗೊಂದು ಪ್ರದರ್ಶನ ಕೊಡುತ್ತಾರೆ. ನಿಂತಲ್ಲೇ ಬಗ್ಗಿ ಕಾಲ್ಬೆರಳು ಮುಟ್ಟಲು ಹೊರಡುತ್ತಾರೆ. ಕೈ ಮೊಣಕಾಲಿನಿಂದ ಸ್ವಲ್ಪ ಕೆಳಗೆ ಹೋಗಿ ನಿಂತುಬಿಡುತ್ತದೆ. ಎರಡು ಸಲ ಜಗ್ಗಿ ನೋಡಿ, ಕೆಂಪಾದ ಮುಖ ಮೇಲೆತ್ತಿ, “ನೋಡಿ ಮೇಡಂ, ಇಷ್ಟೇ ಆಗೋದು” ಅನ್ನುತ್ತಾರೆ. ಹೊತ್ತು ಬೆಳಗಿನ ಆರೂಕಾಲು, ಹಾಸಿಗೆ ಬಿಟ್ಟು ಅರ್ಧ ಗಂಟೆಯೂ ಆಗಿರುವುದಿಲ್ಲ. ನನ್ನ ಹೊಸ ಬ್ಯಾಚಿನಲ್ಲಿ ಮೊದಲು ಬಿಡಿಸುವುದೇ ಈ ಅಭ್ಯಾಸವನ್ನು.

ದಿನಕ್ಕೆ ಎಂಟು, ಒಂಬತ್ತು ಗಂಟೆ ಕುರ್ಚಿಯಲ್ಲೇ ಕಳೆಯುವ, ಯೋಗ ಮಾಡಿಯೇ ಇಲ್ಲದವರಿಗಾಗಿ ಈ ಬ್ಯಾಚ್. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ 6:20ರಿಂದ 7 ಗಂಟೆವರೆಗೆ, ನಲವತ್ತೇ ನಿಮಿಷ. ಮೊದಲ ಅರ್ಧ ಗಂಟೆ ನಿಂತು ಮುಂದಕ್ಕೆ ಬಗ್ಗುವ ಆಸನ ಒಂದೂ ಇರುವುದಿಲ್ಲ. ಸೂರ್ಯ ನಮಸ್ಕಾರವಂತೂ ಆರು ವಾರ ಇಲ್ಲವೇ ಇಲ್ಲ. “ಅದಿಲ್ಲದೆ ಎಂಥ ಬೆಳಗಿನ ಯೋಗ?” ಎಂದು ಮೂಗು ಮುರಿದವರೂ ಇದ್ದಾರೆ. ಸೂರ್ಯ ನಮಸ್ಕಾರದ ಒಂದು ಸುತ್ತಿನಲ್ಲಿ ಪಾದಹಸ್ತಾಸನ ಎರಡು ಸಲ ಬರುತ್ತದೆ. ಆರು ಸುತ್ತು ಹಾಕಿದರೆ ಹನ್ನೆರಡು ಸಲ ಬಗ್ಗಿದಂತಾಯಿತು. ಕುರ್ಚಿಗೆ ಒಗ್ಗಿಹೋದ ಬೆನ್ನಿಗೆ, ಅದೂ ಆ ಹೊತ್ತಿನಲ್ಲಿ, ಅದು ಜಾಸ್ತಿಯೇ.

ಕಾರಣ ಇರುವುದು ಬೆನ್ನುಮೂಳೆಯ ಡಿಸ್ಕ್‌ಗಳಲ್ಲಿ. ಎರಡು ಕಶೇರುಕಗಳ ನಡುವೆ ಮೆತ್ತೆಯ ಹಾಗೆ ಕೂತಿರುವ ಈ ಡಿಸ್ಕ್‌ಗಳ ಮೇಲೆ ಹಗಲಿಡೀ ಮೈಭಾರ ಬಿದ್ದು ಅವುಗಳೊಳಗಿನ ನೀರು ಸ್ವಲ್ಪ ಸ್ವಲ್ಪವೇ ಹೊರಗೆ ಹೋಗುತ್ತದೆ. ರಾತ್ರಿ ಮಲಗಿದಾಗ ಭಾರ ಇಳಿಯುವುದರಿಂದ ಅವು ಮತ್ತೆ ನೀರು ಹೀರಿ ಉಬ್ಬುತ್ತವೆ. ಬೆಳಿಗ್ಗೆ ಎದ್ದಾಗ ನಮ್ಮ ಎತ್ತರ ಹಿಂದಿನ ಸಂಜೆಗಿಂತ ಒಂದು ಸೆಂಟಿಮೀಟರಿನಿಂದ ಎರಡರವರೆಗೆ ಹೆಚ್ಚಿರುವುದು ಇದರಿಂದಲೇ. ಉಬ್ಬಿದ ಡಿಸ್ಕ್ ಬಿಗಿಯಾಗಿರುತ್ತದೆ. ಬೆನ್ನು ಗೂನು ಮಾಡಿ ಬಗ್ಗಿದರೆ ಆ ಹೊತ್ತಿನಲ್ಲಿ ಡಿಸ್ಕ್ ಮೇಲೂ ಅದರ ಸುತ್ತಲಿನ ಕಟ್ಟುಗಳ ಮೇಲೂ ಮಧ್ಯಾಹ್ನಕ್ಕಿಂತ ತುಂಬ ಹೆಚ್ಚು ಎಳೆತ ಬೀಳುತ್ತದೆ. ಎದ್ದು ಓಡಾಡಿದ ಮೊದಲ ಒಂದು ಗಂಟೆಯಲ್ಲೇ ಈ ಉಬ್ಬಿನ ದೊಡ್ಡ ಪಾಲು ಇಳಿದುಹೋಗುತ್ತದೆ. ಹಾಗಾಗಿ ಬಗ್ಗುವುದೇ ತಪ್ಪೆಂದಲ್ಲ, ಆ ಗಂಟೆ ಕಳೆಯಲಿ ಅಷ್ಟೆ.

ಇದನ್ನು ನಾನು ಕಲಿತದ್ದು ಸ್ವಲ್ಪ ನಾಚಿಕೆಯ ದಾರಿಯಲ್ಲೇ. ಕಲಿಸಲು ಶುರು ಮಾಡಿದ ಹೊಸತರಲ್ಲಿ ನಾನೂ ತರಗತಿಯನ್ನು ಸೂರ್ಯ ನಮಸ್ಕಾರದಿಂದಲೇ ಆರಂಭಿಸುತ್ತಿದ್ದೆ. ಒಂದು ಬೆಳಿಗ್ಗೆ ಮೂರನೇ ಸುತ್ತಿನಲ್ಲಿ ಬಗ್ಗಿದವರೊಬ್ಬರು ಮೇಲೇಳಲಿಲ್ಲ. ಸೊಂಟ ಹಿಡಿದುಕೊಂಡಿತ್ತು. ಗೋಡೆ ಹಿಡಿದು ಕೂರಿಸಲು ಹತ್ತು ನಿಮಿಷ ಬೇಕಾಯಿತು. ಅವರು ವಾರ ಬಿಟ್ಟು ಮರಳಿ ಬಂದರು, ನಾನು ಪಾಠದ ಕ್ರಮವನ್ನು ತಿರುಗುಮುರುಗು ಮಾಡಿದೆ.

ಲೆಕ್ಕ ಸರಳ. 5:40ಕ್ಕೆ ಎದ್ದು ಮುಖ ತೊಳೆದು ಮನೆಯಲ್ಲೇ ನಾಲ್ಕು ಹೆಜ್ಜೆ ಓಡಾಡಿ ಬಂದರೆ, ನಾವು ಬಗ್ಗುವ 6:50ರ ಹೊತ್ತಿಗೆ ಒಂದು ಗಂಟೆ ದಾಟಿರುತ್ತದೆ. 6:10ಕ್ಕೆ ಎದ್ದು ಓಡೋಡಿ ಬರುವವರೂ ಇರುತ್ತಾರೆ. ಬರಲಿ, ಆದರೆ ಆ ದಿನ ಅವರಿಗೆ ಕೊನೆಗೆ ಬಗ್ಗುವ ಆಸನ ಇಲ್ಲ, ಗೋಡೆಗೆ ಕೈಯೂರಿ ಮಾಡುವ ಆಸನಕ್ಕೇ ನಿಲ್ಲಿಸುತ್ತೇನೆ.

ಮೊದಲು ಮಲಗಿ

ಶುರುವಾಗುವುದು ಅಂಗಾತ ಮಲಗಿ. ಮೊಣಕಾಲು ಮಡಚಿ ಪಾದ ನೆಲಕ್ಕೂರಿ, ಒಂದು ಕೈ ಹೊಟ್ಟೆಯ ಮೇಲಿಟ್ಟು ಎರಡು ನಿಮಿಷ ಸುಮ್ಮನೆ ಉಸಿರಾಟ. ಆಮೇಲೆ ಮಂಡಿಯೂರಿ ಮಾರ್ಜಾಲಾಸನ, ಎಂಟು ಸಲ, ನಿಧಾನವಾಗಿ. ಬೆನ್ನನ್ನು ಮೇಲೆ ಉಬ್ಬಿಸುವುದು, ಕೆಳಗೆ ಇಳಿಸುವುದು ಎರಡೂ ಅರ್ಧದಷ್ಟೇ ಸಾಕು. ಇಲ್ಲಿ ಮೈಭಾರ ಕೈಕಾಲಿಗೆ ಹಂಚಿಹೋಗಿರುವುದರಿಂದ ಬೆನ್ನಿಗೆ ಹೊರೆಯಾಗುವುದಿಲ್ಲ.

ನಂತರ ಬೆಲ್ಟ್ ಹಿಡಿದು ಸುಪ್ತ ಪಾದಾಂಗುಷ್ಠಾಸನ. ಈ ಬ್ಯಾಚಿನ ಬೆನ್ನೆಲುಬು ಅಂದರೆ ಇದೇ. ತೊಡೆಯ ಹಿಂಭಾಗದ ಸ್ನಾಯುಗಳು, ಜಿಮ್‌ಗೆ ಹೋಗುವವರು ಹ್ಯಾಮ್‌ಸ್ಟ್ರಿಂಗ್ ಅನ್ನುವವು, ಮೇಲೆ ನಾವು ಕೂತಾಗ ಕುರ್ಚಿಗೆ ಒತ್ತುವ ಮೂಳೆಗೆ ಅಂಟಿಕೊಂಡಿವೆ. ಅವು ಬಿಗಿಯಾಗಿದ್ದರೆ ಬಗ್ಗುವಾಗ ಸೊಂಟದ ಮೂಳೆ ಮುಂದಕ್ಕೆ ಹೊರಳಲು ಬಿಡುವುದಿಲ್ಲ. ಕೊರತೆಯನ್ನು ತುಂಬಲು ಕೆಳಬೆನ್ನು ಗೂನಾಗುತ್ತದೆ. ಮಲಗಿ ಎಳೆದರೆ ಬೆನ್ನನ್ನು ನೆಲ ಹಿಡಿದುಕೊಂಡಿರುತ್ತದೆ, ಎಳೆತ ತೊಡೆಗಷ್ಟೇ ಸಿಗುತ್ತದೆ.

ಬಲಗಾಲಿನ ಪಾದದ ನಡುವಿಗೆ ಬೆಲ್ಟ್ ಅಥವಾ ಉದ್ದನೆಯ ಟವೆಲ್ ಸುತ್ತಿ ಎರಡೂ ತುದಿ ಹಿಡಿಯಿರಿ. ಎಡ ಮೊಣಕಾಲು ಮಡಚಿಯೇ ಇರಲಿ. ಉಸಿರು ಬಿಡುತ್ತ ಬಲಗಾಲನ್ನು ಮೇಲೆತ್ತಿ, ಮೊಣಕಾಲು ಸ್ವಲ್ಪ ಮಡಚಿದ್ದರೂ ಪರವಾಗಿಲ್ಲ. ಎಳೆತ ಗೊತ್ತಾದ ಕಡೆ ನಿಲ್ಲಿಸಿ 30 ಸೆಕೆಂಡು. ಕಾಲು ಬದಲಿಸಿ, ಒಂದೊಂದು ಕಾಲಿಗೆ ಎರಡು ಸಲ. ಕಾಲು ಎಷ್ಟು ಡಿಗ್ರಿ ಬಂತು ಎಂದು ನಾನು ನೋಡುವುದಿಲ್ಲ. ನೋಡುವುದು ಪೃಷ್ಠ ನೆಲ ಬಿಟ್ಟಿದೆಯೋ ಎಂದು. ಎದ್ದಿದ್ದರೆ ಕಾಲು ಜಾಸ್ತಿ ಮೇಲೆ ಹೋಗಿದೆ, ಇಳಿಸಬೇಕು.

ಎಲ್ಲಿ ಎಳೆಯುತ್ತಿದೆ ಅನ್ನುವುದನ್ನು ಹೇಳಲು ಕಲಿಯುವುದು ಇಲ್ಲಿ ಅರ್ಧ ಪಾಠ. ತೊಡೆಯ ಹಿಂದೆ, ನಟ್ಟನಡುವೆ ಅಗಲವಾಗಿ ಎಳೆದರೆ ಸರಿ. ಮೊಣಕಾಲಿನ ಹಿಂದೆ ತಂತಿ ಬಿಗಿದ ಹಾಗೆ ಸಣ್ಣಗೆ, ಚುರುಕಾಗಿ ಎಳೆದರೆ ಅದು ಹೆಚ್ಚಾಗಿ ಸ್ನಾಯುವಲ್ಲ, ನರ. ಮೊಣಕಾಲು ಇನ್ನಷ್ಟು ಮಡಚಿ, ಪಾದ ಸಡಿಲ ಬಿಡಿ. ಕುಳಿತುಕೊಳ್ಳುವ ಮೂಳೆಯ ಬುಡದಲ್ಲೇ ನೋವು ಬಂದರೆ ಸ್ನಾಯು ಮೂಳೆಗೆ ಅಂಟುವ ಜಾಗ ಕೆರಳುತ್ತಿದೆ ಎಂದು ತಿಳಿದು ಕಾಲು ಇಳಿಸಿ. ಇನ್ನು ಮೀನಖಂಡ ದಾಟಿ ಪಾದದವರೆಗೆ ಜೋಮು ಹಿಡಿದರೆ, ಕರೆಂಟ್ ಹೊಡೆದ ಹಾಗಾದರೆ ಅಲ್ಲಿಗೆ ನಿಲ್ಲಿಸಿ ನನಗೆ ಹೇಳಬೇಕು. ಅಂಥವರನ್ನು ವೈದ್ಯರ ಹತ್ತಿರ ಹೋಗಿ ಬನ್ನಿ ಎಂದು ಕಳಿಸುತ್ತೇನೆ. ಆಸನ ಸರಿ ಮಾಡಿದರೆ ಹೋಗುವ ತೊಂದರೆ ಅದಲ್ಲ.

ತೊಡೆಯ ಮುಂಭಾಗಕ್ಕೂ ಒಂದು

ಕೂತು ಕೂತು ತೊಡೆಸಂದಿನ ಮುಂಭಾಗವೂ ಬಿಗಿದಿರುತ್ತದೆ. ಮಡಚಿದ ಟವೆಲಿನ ಮೇಲೆ ಎಡ ಮೊಣಕಾಲೂರಿ, ಬಲಪಾದ ಮುಂದಿಟ್ಟು, ಆಂಜನೇಯಾಸನದ ಸಣ್ಣ ರೂಪವೊಂದನ್ನು ಐದು ಉಸಿರು ಹಿಡಿಯುತ್ತೇವೆ. ಎಡ ಪೃಷ್ಠ ಬಿಗಿ ಹಿಡಿದು ಬಾಲಮೂಳೆಯನ್ನು ನೆಲದ ಕಡೆ ಇಳಿಸಿದರೆ, ಮುಂದಕ್ಕೆ ಒಂದಿಂಚೂ ಸರಿಯದೆ ಎಡ ತೊಡೆಸಂದಿನಲ್ಲಿ ಎಳೆತ ಸಿಗುತ್ತದೆ. ಬದಲು ಎದೆ ಹಿಂದಕ್ಕೆ ಚಾಚಿ ‘ಆಳ’ಕ್ಕೆ ಹೋಗಲು ನೋಡಿದರೆ ಕೆಳಬೆನ್ನಿನಲ್ಲಿ ಚಿವುಟಿದಂತಾಗುತ್ತದೆ. ಮೊಬೈಲಿನಲ್ಲಿ ಫೋಟೊ ನೋಡಿ ಕಲಿತವರು ಮಾಡುವುದು ಇದನ್ನೇ.

ಕೋಲು, ಗೋಡೆ, ಕುರ್ಚಿ

ಈಗ ನಿಲ್ಲೋಣ. ಕೈಗೆ ಒಂದು ಕೋಲು, ಪೊರಕೆಯ ಹಿಡಿಯಾದರೂ ಸರಿ. ಬೆನ್ನಿಗೆ ನೇರವಾಗಿ ಆನಿಸಿ ಒಂದು ಕೈಯಿಂದ ಕತ್ತಿನ ಹಿಂದೆ, ಇನ್ನೊಂದರಿಂದ ಸೊಂಟದ ಹಿಂದೆ ಹಿಡಿಯಿರಿ. ತಲೆಯ ಹಿಂಭಾಗ, ಭುಜದೆಲುಬುಗಳ ನಡುವಿನ ಜಾಗ, ಬಾಲಮೂಳೆ, ಈ ಮೂರೂ ಕೋಲಿಗೆ ತಾಗಿರಬೇಕು. ಮೊಣಕಾಲು ಸ್ವಲ್ಪ ಸಡಿಲಿಸಿ, ಕಾರಿನ ಬಾಗಿಲನ್ನು ಪೃಷ್ಠದಿಂದ ತಳ್ಳಿ ಮುಚ್ಚುವ ಹಾಗೆ ಸೊಂಟವನ್ನು ಹಿಂದಕ್ಕೆ ಒಯ್ಯುತ್ತ ಬಗ್ಗಿ. ಮೂರರಲ್ಲಿ ಒಂದು ಜಾಗ ಕೋಲು ಬಿಟ್ಟ ಕ್ಷಣವೇ ನಿಮ್ಮ ಇವತ್ತಿನ ಮಿತಿ.

ಕಳೆದ ಬ್ಯಾಚಿನಲ್ಲಿ ಲೆಕ್ಕಪತ್ರದ ಕೆಲಸ ಮಾಡುವವರೊಬ್ಬರಿದ್ದರು, ವಯಸ್ಸು ನಲವತ್ತರ ಆಸುಪಾಸು. ಮೊದಲ ದಿನ ಬೆರಳು ನೆಲದಿಂದ ಒಂದು ಗೇಣಿಗೂ ಮಿಕ್ಕಿ ಮೇಲೆಯೇ ನಿಂತಿತ್ತು. ಕೋಲು ಹಿಡಿಸಿದೆ. ಒಂದು ಚೂರು ಬಗ್ಗಿದ್ದೇ ತಡ, ಬಾಲಮೂಳೆ ಕೋಲು ಬಿಟ್ಟಿತು. ಅಂದರೆ ಅವರು ಬಗ್ಗುತ್ತಿದ್ದದ್ದೆಲ್ಲ ಕೆಳಬೆನ್ನಿನಿಂದಲೇ, ಸೊಂಟದ ಕೀಲು ಹೆಚ್ಚುಕಡಿಮೆ ಸುಮ್ಮನಿತ್ತು. “ಮೊಣಕಾಲು ಮಡಚಿ” ಎಂದರೆ ಅವರಿಗೆ ಅದು ಮೋಸ ಅನಿಸುತ್ತಿತ್ತು. ಎರಡು ವಾರ ಬೆಲ್ಟ್ ಮತ್ತು ಕೋಲು ಮಾತ್ರ. ಮೂರನೇ ವಾರ ಗೋಡೆ: ಸೊಂಟದ ಎತ್ತರಕ್ಕೆ ಅಂಗೈ ಊರಿ, ಹಿಂದೆ ನಡೆದು, ಬೆನ್ನು ಮೇಜಿನ ಹಾಗೆ ಚಪ್ಪಟೆಯಾಗುವವರೆಗೆ ಅರ್ಧ ಉತ್ತಾನಾಸನ, ಐದು ಉಸಿರು. ಅವರ ಬೆನ್ನು ಚಪ್ಪಟೆಯಾಗಲಿಲ್ಲ, ಹಾಗಾಗಿ ಕೈಯನ್ನು ಎದೆಯ ಎತ್ತರಕ್ಕೆ ಏರಿಸಿದೆವು. ಆಗ ಬಂತು. ಐದನೇ ವಾರದಿಂದ ಮೊಣಕಾಲು ಮಡಚಿಯೇ ಬಗ್ಗಿ, ಕುರ್ಚಿಯ ಆಸನದ ಮೇಲೆ ಕೈಯೂರಿ ಉತ್ತಾನಾಸನ. ಆರನೇ ವಾರದ ಕೊನೆಗೂ ಅವರ ಬೆರಳು ನೆಲ ಮುಟ್ಟಲಿಲ್ಲ. ಆದರೆ ಕೋಲು ಬೆನ್ನಿಗಿದ್ದಂತೆಯೇ ಅರ್ಧದಷ್ಟು ಬಗ್ಗುತ್ತಿದ್ದರು. “ಕೆಳಗಿನ ಡ್ರಾಯರ್ ತೆಗೆಯುವಾಗ ಈಗ ಮೇಜು ಹಿಡಿದುಕೊಳ್ಳಲ್ಲ ಮೇಡಂ” ಎಂದು ಅವರೇ ಹೇಳಿದ್ದು.

ಆರು ವಾರದಲ್ಲಿ ಸ್ನಾಯು ಉದ್ದವಾಗಿಬಿಟ್ಟಿತು ಎಂದು ನಾನು ಹೇಳುವುದಿಲ್ಲ. ಮೊದಲ ವಾರಗಳಲ್ಲಿ ಸಿಗುವ ಸಡಿಲ ಬಹುಪಾಲು ನರವ್ಯವಸ್ಥೆ ಆ ಎಳೆತವನ್ನು ತಾಳಿಕೊಳ್ಳಲು ಒಪ್ಪಿದ್ದರಿಂದ ಸಿಕ್ಕಿದ್ದು. ಜಗ್ಗಿದರೆ, ಕುಲುಕಿದರೆ ಆ ಒಪ್ಪಿಗೆ ಸಿಗುವುದಿಲ್ಲ, ಸ್ನಾಯು ಇನ್ನಷ್ಟು ಬಿಗಿದುಕೊಳ್ಳುತ್ತದೆ.

ಬಗ್ಗಿದ ಮೇಲೆ ಅಂಗಾತ ಮಲಗಿ ಸೊಂಟ ಮೇಲೆತ್ತುವ ಒಂದು ಸೇತುಬಂಧಾಸನ, ಕೊನೆಗೆ ಐದು ನಿಮಿಷ ಶವಾಸನ. ಏಳುವಾಗ ಬಲಮಗ್ಗುಲಿಗೆ ಹೊರಳಿ, ಕೈಯೂರಿ ಏಳಿ. ನೆಟ್ಟಗೆ ಚಿಮ್ಮಿ ಎದ್ದರೆ ಇಷ್ಟು ಹೊತ್ತು ಬೆನ್ನನ್ನು ಕಾಪಾಡಿದ್ದು ವ್ಯರ್ಥವಾದೀತು.

ಬರುವವರು ಖಾಲಿ ಹೊಟ್ಟೆಯಲ್ಲಿ ಬನ್ನಿ, ಒಂದಿಷ್ಟು ನೀರು ಕುಡಿದಿದ್ದರೆ ಅಡ್ಡಿಯಿಲ್ಲ. ಚಾಪೆ, ದಪ್ಪನೆಯ ಒಂದು ಟವೆಲ್, ಉದ್ದನೆಯ ಒಂದು ಬೆಲ್ಟ್ ತನ್ನಿ. ಕೋಲು, ಕುರ್ಚಿ ನನ್ನಲ್ಲಿವೆ. ಡಿಸ್ಕ್ ಜಾರಿದ್ದರೆ, ಕಾಲಿಗೆ ಇಳಿಯುವ ಸೊಂಟನೋವಿದ್ದರೆ, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾಗಿದ್ದರೆ, ಗರ್ಭಿಣಿಯಾಗಿದ್ದರೆ ವೈದ್ಯರನ್ನು ಕೇಳಿಕೊಂಡೇ ಬನ್ನಿ. ಹತೋಟಿಗೆ ಬಾರದ ರಕ್ತದೊತ್ತಡ ಇದ್ದವರಿಗೆ, ಗ್ಲಾಕೋಮಾ ಇದ್ದವರಿಗೆ ತಲೆ ಕೆಳಗೆ ಮಾಡುವ ಆಸನ ಕೊಡುವುದಿಲ್ಲ. ಅವರ ಪಾಠ ಗೋಡೆಯ ಆಸನಕ್ಕೇ ಮುಗಿಯುತ್ತದೆ. ಮೊದಲ ಸೋಮವಾರ ಹತ್ತು ನಿಮಿಷ ಮುಂಚೆ ಬಂದರೆ ಒಬ್ಬೊಬ್ಬರಿಗೂ ಕೋಲು ಆನಿಸಿ, ಬಾಲಮೂಳೆ ಎಲ್ಲಿ ಕೋಲು ಬಿಡುತ್ತದೆ ಎಂದು ನೋಡಿ ಬರೆದಿಟ್ಟುಕೊಳ್ಳುತ್ತೇನೆ.