ಒಲವನ್ ಹೋಗಿ ಬೆಲ್ಲೇಕರಿ ಬಂತು

ಬಳ್ಳಾರಿಯ ನಮ್ಮ ಮನೆಯಲ್ಲಿ ನಾನು ಮಾಡಿ ಮಾರುವುದು ಮೂರೇ ಬಗೆ. ಬೆಲ್ಲದ ಕೇಕ್, ಜೋಳದ ಕುಕೀಸ್, ಬನ್. ಗುರುತಿನವರಿಗೆ ಕೊಡುತ್ತಿದ್ದಾಗ ಹೆಸರು ಬೇಕಿರಲಿಲ್ಲ. ಡಬ್ಬಿಗೆ ಸ್ಟಿಕ್ಕರ್ ಮಾಡಿಸಲು ಹೋದ ದಿನ ಬೇಕಾಯಿತು.

ನೋಟ್‌ಬುಕ್‌ನಲ್ಲಿ ಒಂದು ಗೆರೆ ಎಳೆದೆ. ಎಡಕ್ಕೆ ನನ್ನ ಅಡುಗೆಮನೆಯ ಕನ್ನಡ ಪದಗಳು: ಬೆಲ್ಲ, ತುಪ್ಪ, ಜೋಳ, ಒಲೆ, ಒಲವು, ಅವ್ವ. ಬಲಕ್ಕೆ ಓವನ್, ಬನ್, ಪಫ್, ಕುಕಿ, ಬೇಕರಿ. ಎರಡನ್ನೂ ಸುಮ್ನೆ ಅಂಟಿಸಿದರೆ ಹೆಸರು ಉದ್ದ ಆಗುತ್ತದೆ. ಹಾಗಾಗಿ ಒಂದರ ಬಾಲ ಇನ್ನೊಂದರ ತಲೆಯ ಹಾಗೆ ಕೇಳಿಸುವ ಜೋಡಿಗಳನ್ನು ಹುಡುಕಿದೆ. ಎರಡರಲ್ಲೂ ಇರುವ ಸದ್ದನ್ನು ಒಂದೇ ಸಲ ಹೇಳಿದರೆ ಸಾಕು, ಹೆಸರು ತಾನಾಗೇ ಚಿಕ್ಕದಾಗುತ್ತದೆ. ಬೇಕ್ ಮತ್ತು ಬೇಕು ಎಲ್ಲರಿಗೂ ಮೊದಲು ಹೊಳೆಯುವ ಜೋಡಿ, ಅದಕ್ಕೇ ಬಿಟ್ಟೆ.

ಒಲವು ಮತ್ತು ಓವನ್ ಸೇರಿ ‘ಒಲವನ್’ ಆಯಿತು. ಎರಡು ದಿನ ಅದೇ ಗುಂಗಿನಲ್ಲಿದ್ದೆ. ಬರೆದರೆ ಅಷ್ಟು ಚಂದ! ತಮ್ಮನಿಗೆ ಫೋನ್ ಮಾಡಿ ಹೇಳಿದರೆ, ‘ಇಲೆವೆನ್ನಾ? ಯಾಕಕ್ಕಾ, ಹನ್ನೊಂದು ಅಂತ ಇಡ್ತೀಯಾ?’ ಅಂದ. ಇನ್ನೂ ಮೂವರಿಗೆ ಫೋನ್ ಮಾಡಿದೆ. ಇಬ್ಬರಿಗೆ ಮತ್ತೆ ಇಲೆವೆನ್ ಅಂತಲೇ ಕೇಳಿಸಿತು. ಹೊಸ ಪದ ಬಿದ್ದಾಗ ಕಿವಿ ತನಗೆ ಗೊತ್ತಿರುವ ಪದವನ್ನೇ ಹಿಡಿದುಕೊಳ್ಳುತ್ತದೆ. ನನ್ನ ಆರ್ಡರ್ ಎಲ್ಲಾ ಬರುವುದು ಒಬ್ಬರು ಇನ್ನೊಬ್ಬರಿಗೆ ಬಾಯಲ್ಲಿ ಹೇಳಿ. ಹಾಗಾಗಿ ಮನಸ್ಸಿಲ್ಲದಿದ್ದರೂ ಅದನ್ನು ಹೊಡೆದು ಹಾಕಿದೆ. ಆಮೇಲಿಂದ ಪ್ರತಿ ಹೆಸರಿಗೂ ಮೊದಲು ಫೋನ್ ಪರೀಕ್ಷೆ. ಒಂದೇ ಸಲ ಹೇಳುವುದು, ಅರ್ಥ ಹೇಳಬಾರದು, ಕೇಳಿಸಿದ್ದನ್ನು ಅವರೇ ವಾಟ್ಸಾಪ್‌ನಲ್ಲಿ ಬರೆದು ಕಳಿಸಬೇಕು.

‘ಅವ್ವನ್’ ಆ ಪರೀಕ್ಷೆಯಲ್ಲಿ ಪಾಸಾಯಿತು. ಆದರೆ ನಮ್ಮತ್ತೆ ಕೇಳಿದ ತಕ್ಷಣ, ‘ಬ್ಯಾಡವ್ವ, ಬೈಗಳ ಶುರು ಮಾಡಿದಂಗೆ ಆಕ್ಕೈತಿ’ ಅಂದರು. ನಿಜ. ನಮ್ಮ ಕಡೆ ಜಗಳದಲ್ಲಿ ಆ ಪದದ ಹಿಂದೆ ಏನು ಬರುತ್ತದೆ ಎಂದು ಎಲ್ಲರಿಗೂ ಗೊತ್ತು. ಹೆಸರನ್ನು ಸಿಟ್ಟಿನ ದನಿಯಲ್ಲೂ ಒಮ್ಮೆ ಕೂಗಿ ನೋಡಬೇಕು ಎಂದು ನನಗೆ ಹೊಳೆದೇ ಇರಲಿಲ್ಲ.

‘ತುಪ್ಪಫ್’ ಅನ್ನು ಹಲವರು ತುಪ್ಪಪ್ ಎಂದರು. ಜೋಳದ ಹೆಸರುಗಳಲ್ಲಿ ತೊಂದರೆ ಇಂಗ್ಲಿಷ್ ಅಕ್ಷರದ್ದು. ಳ, ಲ ಎರಡಕ್ಕೂ ಅಲ್ಲಿ l ಒಂದೇ. jola ಎಂದು ಬರೆದರೆ ಹೊರಗಿನವರು ಜೋಲಾ ಎಂದು ಓದುತ್ತಾರೆ.

ಕೊನೆಗೆ ಉಳಿದದ್ದು ಬೆಲ್ಲ. ಅದರಲ್ಲಿ ಳ ಇಲ್ಲ, ಫ ಇಲ್ಲ. ಜೊತೆಗೆ ನಮ್ಮೂರಲ್ಲಿ ತೆಲುಗು ಮಾತಾಡುವವರು ಜಾಸ್ತಿ, ತೆಲುಗಿನಲ್ಲೂ ಅದು ಬೆಲ್ಲಂ. ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮೊದಲು ‘ಬೆಲ್ಬನ್’ ಮಾಡಿದೆ. ಚಿಕ್ಕದೇ, ಆದರೆ ಕೇಳಿದವರಿಗೆ ಗಂಟೆಯ ಬೆಲ್ ನೆನಪಾಯಿತು. ಬೆಲ್ಲ ಎಂದು ಗುರುತು ಸಿಗುವುದೇ ಆ ಒತ್ತಕ್ಷರದಿಂದ, ನಾನು ಅದನ್ನೇ ಕತ್ತರಿಸಿದ್ದೆ. ಹಾಗಾಗಿ ‘ಲ್ಲ’ ಉಳಿಸಿಕೊಂಡು, ಬೇಕರಿಯ ಮೊದಲ ‘ಬ’ ಸದ್ದನ್ನು ಮಾತ್ರ ತೆಗೆದೆ. ಬೆಲ್ಲ, ಬೇಕರಿ, ಬೆಲ್ಲೇಕರಿ! ಬೆಲ್ಬನ್‌ಗಿಂತ ಉದ್ದವೇ, ಆದರೆ ಏನು ಹಾಕುತ್ತೇವೆ, ಏನು ಮಾಡುತ್ತೇವೆ ಎರಡೂ ಕೇಳಿಸುತ್ತದೆ. ಊರಿಗೆ ಬಳ್ಳಾರಿ ಎಂಬ ಹೆಸರು ಇಂಗ್ಲಿಷಿನಲ್ಲೂ ಬಂದದ್ದು 2014ರಲ್ಲಿ. ಅದಕ್ಕೂ ಮೊದಲಿನ Bellary ಸ್ಪೆಲ್ಲಿಂಗ್‌ನ ನೆರಳು ಇದರಲ್ಲಿ ಉಳಿದದ್ದು ನನಗೆ ತುಂಬಾ ಇಷ್ಟವಾಯಿತು.

bellekari, bellakery ಎಂದು ಎರಡು ಚೀಟಿ ಬರೆದು ಬೀದಿಯ ಹತ್ತು ಜನರಿಗೆ ತೋರಿಸಿದೆ. ಮೊದಲನೆಯದನ್ನು ನಾಲ್ವರು ಯಾವುದೋ ಕರಿ, ಸಾರು ಅಂದುಕೊಂಡರು. ಎರಡನೆಯದರಲ್ಲಿ bakery ಕಣ್ಣಿಗೆ ಬಿತ್ತು. ಇಬ್ಬರು ಮಾತ್ರ ‘ಬೆಲ್ಲಕರಿ’ ಎಂದು ಓದಿದರು. ಅದಕ್ಕೇ ಸ್ಟಿಕ್ಕರ್‌ನಲ್ಲಿ ಕನ್ನಡದ ಹೆಸರು ದೊಡ್ಡದಾಗಿ ಮೇಲೆ, ಇಂಗ್ಲಿಷ್ ಚಿಕ್ಕದಾಗಿ ಕೆಳಗೆ.

ಪ್ರಿಂಟ್‌ಗೆ ಕೊಡುವ ಮುಂಚೆ ಟ್ರೇಡ್‌ಮಾರ್ಕ್ ವೆಬ್‌ಸೈಟ್‌ನಲ್ಲಿ ಹುಡುಕಿದೆ. ಕೇಕ್, ಬ್ರೆಡ್ ಬರುವುದು 30ನೇ ಕ್ಲಾಸಿನಲ್ಲಿ. ಅಲ್ಲಿ ಸ್ಪೆಲ್ಲಿಂಗ್ ಒಂದನ್ನೇ ಹಾಕಿ ಬಿಡಬಾರದು. ಫೊನೆಟಿಕ್ ಎಂದು ಇನ್ನೊಂದು ಹುಡುಕಾಟ ಇದೆ, ಸದ್ದು ಹೋಲುವ ಹೆಸರುಗಳು ಸಿಗುವುದು ಅದರಲ್ಲಿ.

ಹೆಸರು ಇಟ್ಟ ಮೇಲೆ ಒಂದು ಕಷ್ಟ ಎದುರಾಯಿತು. ಹುಟ್ಟುಹಬ್ಬದ ಕೇಕ್‌ಗೆ ಕ್ರೀಮ್ ಬೇಕು, ಕ್ರೀಮ್‌ಗೆ ನಾನು ಹಾಕುವುದು ಸಕ್ಕರೆ ಪುಡಿ. ಡಬ್ಬಿಯ ಮೇಲೆ ಬೆಲ್ಲ ಎಂದಿರುವಾಗ ಅದನ್ನು ಮುಚ್ಚಿಡಲು ಮನಸ್ಸು ಒಪ್ಪಲಿಲ್ಲ. ಆ ಡಬ್ಬಿಗಳ ಮೇಲೆ ಈಗ ಹೆಸರಿನ ಕೆಳಗೇ ಒಂದು ಸಾಲು ಇರುತ್ತದೆ: ‘ಕೇಕ್‌ಗೆ ಬೆಲ್ಲ, ಕ್ರೀಮ್‌ಗೆ ಸಕ್ಕರೆ.’