ಉಪ್ಪುಗಾಳಿ ತಿಂದ ಯಂತ್ರ: ಸವಕಳಿ ಲೆಕ್ಕ ತಿದ್ದುವುದು ಹೇಗೆ?

ಕಾರವಾರದ ಬೈತಖೋಲ ಬಂದರಿನ ಸುತ್ತ ಐಸ್ ಪ್ಲಾಂಟ್ ನಡೆಸುವವರಿಗೆ ಗೊತ್ತಿರುವ ಮಾತಿದು: ಕಂಪ್ರೆಸರ್ ಗಟ್ಟಿಯಾಗಿಯೇ ಇರುತ್ತದೆ, ಕಂಡೆನ್ಸರ್ ಮೊದಲು ಸೋಲುತ್ತದೆ. ಹೊರಗೆ ನಿಂತು ಹಗಲೂ ರಾತ್ರಿ ಉಪ್ಪುಗಾಳಿ ಕುಡಿಯುವ ಪೈಪುಗಳು ಒಳನಾಡಿನ ಪೈಪುಗಳಷ್ಟು ಬಾಳುವುದಿಲ್ಲ. ಹನ್ನೆರಡು ವರ್ಷ ಬರುತ್ತದೆಂದು ಲೆಕ್ಕ ಹಾಕಿದ್ದ ಯಂತ್ರ ಒಂಬತ್ತಕ್ಕೇ ಮುಗಿಯುವ ಲಕ್ಷಣ ಕಂಡರೆ ಲೆಕ್ಕದ ಪುಸ್ತಕದಲ್ಲಿ ಏನು ಮಾಡಬೇಕು? ಹಿಂದಿನ ವರ್ಷಗಳ ಸವಕಳಿಗೆ ಕೈ ಹಚ್ಚಬಾರದು. ಇನ್ನೂ ಹಂಚದೆ ಉಳಿದಿರುವ ಮೊತ್ತವನ್ನು ಉಳಿದ ವರ್ಷಗಳಿಗೆ ಹೊಸದಾಗಿ ಹಂಚಬೇಕು.

ಒಂದು ಉದಾಹರಣೆ ಹಿಡಿದು ನಡೆಯೋಣ. 2020ರ ಏಪ್ರಿಲ್ 1ರಂದು ಕಂಡೆನ್ಸರ್ ಕೂಡ್ರಿಸಿದ್ದಾರೆ. ಸಾಗಾಟ, ಜೋಡಣೆ ಸೇರಿ ತಗುಲಿದ್ದು 13,00,000 ರೂಪಾಯಿ. ಆಯುಷ್ಯ 12 ವರ್ಷ, ಕೊನೆಗೆ ಗುಜರಿಗೆ ಹಾಕಿದರೆ 1,00,000 ಬರುತ್ತದೆಂದು ಅಂದಾಜು. ಸ್ಥಿರ ಕಂತಿನ ಪದ್ಧತಿಯಲ್ಲಿ ವರ್ಷದ ಸವಕಳಿ 1,00,000.

ಮೊದಲು ಕಾಗದ, ಆಮೇಲೆ ಲೆಕ್ಕ

ಆಯುಷ್ಯ ಇಳಿಸಲು ಮಾಲೀಕರ ಅನಿಸಿಕೆಯೊಂದೇ ಸಾಲದು. ಪೈಪಿನ ದಪ್ಪವನ್ನು ಗೇಜ್ ಹಿಡಿದು ಅಳೆದು, ಎಲ್ಲೆಲ್ಲಿ ಎಷ್ಟು ಸವೆದಿದೆ, ಇನ್ನೆಷ್ಟು ವರ್ಷ ಸುರಕ್ಷಿತವಾಗಿ ನಡೆಸಬಹುದು ಎಂದು ಎಂಜಿನಿಯರ್ ಬರೆದುಕೊಡಬೇಕು. ಅಮೋನಿಯಾ ಓಡುವ ಪೈಪು, ಸೋರಿದ ಮೇಲೆ ಅಳೆದು ಪ್ರಯೋಜನವಿಲ್ಲ. ಅದೇ ಕಾಗದದಲ್ಲಿ ಗುಜರಿ ಬೆಲೆಯನ್ನೂ ಕೇಳಿ ಬರೆಸಿಕೊಳ್ಳಿ. ಪೈಪು ತೆಳುವಾದಷ್ಟೂ ತೂಕ ಕಡಿಮೆ, ತೂಕ ಕಡಿಮೆಯಾದರೆ ಗುಜರಿಯವನು ಕೊಡುವುದೂ ಕಡಿಮೆ. ಹೆಚ್ಚಿನವರು ಆಯುಷ್ಯ ತಿದ್ದಿ ಗುಜರಿ ಬೆಲೆಯನ್ನು ಹಾಗೇ ಬಿಡುವುದು ಇಲ್ಲಿಯೇ.

ನಮ್ಮ ಉದಾಹರಣೆಯಲ್ಲಿ 2024ರ ಏಪ್ರಿಲ್ 1ಕ್ಕೆ ಬಂದ ತೀರ್ಮಾನ: ಇನ್ನು 5 ವರ್ಷ, ಗುಜರಿ ಬೆಲೆ 50,000.

ಉಳಿದದ್ದನ್ನು ಉಳಿದ ವರ್ಷಕ್ಕೆ

ನಾಲ್ಕು ವರ್ಷದಲ್ಲಿ ಕಳೆದ ಸವಕಳಿ 4,00,000. ಹಾಗಾಗಿ ಆ ದಿನದ ಪುಸ್ತಕ ಮೌಲ್ಯ 9,00,000. ಅದರಲ್ಲಿ ಹೊಸ ಗುಜರಿ ಬೆಲೆ ಕಳೆಯಿರಿ, ಉಳಿಯುವುದು 8,50,000. ಐದರಿಂದ ಭಾಗಿಸಿದರೆ ವರ್ಷಕ್ಕೆ 1,70,000. 2024-25ರಿಂದ ಪ್ರತಿ ವರ್ಷ ಇಷ್ಟು.

ದಾಖಲೆಯ ರೂಪ ಬದಲಾಗುವುದಿಲ್ಲ. ಸವಕಳಿ ಖಾತೆಗೆ 1,70,000 ಖರ್ಚು, ಸಂಚಿತ ಸವಕಳಿ ಖಾತೆಗೆ ಅಷ್ಟೇ ಜಮಾ. ‘ಹಿಂದಿನ ವರ್ಷಗಳ ವ್ಯತ್ಯಾಸ’ ಎಂಬ ಬೇರೆ ದಾಖಲೆ ಹಾಕಿದ್ದರೆ ದಾರಿ ತಪ್ಪಿದೆ ಎಂದೇ ಅರ್ಥ. 4,00,000ಕ್ಕೆ 1,70,000ದ ಐದು ಕಂತು ಕೂಡಿಸಿ ನೋಡಿ: 12,50,000. ಕೊಂಡ ಬೆಲೆಯಲ್ಲಿ ಗುಜರಿ ಬೆಲೆ ಕಳೆದರೂ ಅದೇ ಬರುತ್ತದೆ. ಈ ಎರಡು ಸಂಖ್ಯೆ ಕೂಡದಿದ್ದರೆ ಎಲ್ಲೋ ಎಡವಿದ್ದೀರಿ.

ಎಡವುವ ಜಾಗ ಸಾಮಾನ್ಯವಾಗಿ ಒಂದೇ. ಎಂಜಿನಿಯರ್ ‘ಒಟ್ಟು ಆಯುಷ್ಯ 9 ವರ್ಷ’ ಎಂದು ಬರೆದಿರುತ್ತಾರೆ. ಗುಮಾಸ್ತರು 8,50,000ವನ್ನು ಒಂಬತ್ತರಿಂದ ಭಾಗಿಸಿ 94,444 ಎಂದು ಬರೆಯುತ್ತಾರೆ. ಯಂತ್ರ ಬೇಗ ಸಾಯುತ್ತದೆಂದು ಹೇಳಿ ಸವಕಳಿ ಮೊದಲಿಗಿಂತ ಕಡಿಮೆ! ಆಯುಷ್ಯ ಇಳಿದರೆ ಕಂತು ಏರಬೇಕು. ಒಂಬತ್ತರಲ್ಲಿ ಕಳೆದುಹೋದ ನಾಲ್ಕನ್ನು ತೆಗೆದು ಐದರಿಂದಲೇ ಭಾಗಿಸಬೇಕು. ಆದ್ದರಿಂದ ವರದಿಯಲ್ಲಿ ‘ಇಷ್ಟು ವರ್ಷ’ ಎನ್ನುವ ಬದಲು ‘2029ರ ಮಾರ್ಚ್ 31ರವರೆಗೆ’ ಎಂದು ತಾರೀಖು ಬರೆಸಿಕೊಳ್ಳುವುದೇ ಲೇಸು.

ನಡು ವರ್ಷದಲ್ಲಿ ಗೊತ್ತಾದರೆ

ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಐಸ್‌ಗೆ ಗಿರಾಕಿ ಇಲ್ಲದ ಆ ದಿನಗಳಲ್ಲೇ ಯಂತ್ರ ಬಿಚ್ಚಿ ನೋಡಲು ಬಿಡುವು. ಹಾಗಾಗಿ ಸವೆತ ಕಣ್ಣಿಗೆ ಬೀಳುವುದೂ ಆಗಲೇ. ತೀರ್ಮಾನ ಜುಲೈ 1ಕ್ಕೆ ಆಯಿತೆನ್ನಿ, ಮುಗಿಯುವ ದಿನ ಅದೇ 2029ರ ಮಾರ್ಚ್ 31. ಮೊದಲ ಮೂರು ತಿಂಗಳಿಗೆ ಹಳೆಯ ದರದಲ್ಲೇ 25,000. ಜುಲೈ 1ರ ಪುಸ್ತಕ ಮೌಲ್ಯ 8,75,000, ಗುಜರಿ ಕಳೆದು 8,25,000. ಉಳಿದದ್ದು 57 ತಿಂಗಳು, ತಿಂಗಳಿಗೆ ಸುಮಾರು 14,474. ಒಂಬತ್ತು ತಿಂಗಳಿಗೆ 1,30,263, ಮೊದಲಿನ 25,000 ಸೇರಿ ಆ ವರ್ಷಕ್ಕೆ 1,55,263.

ನಿಷೇಧದ ಎರಡು ತಿಂಗಳು ಯಂತ್ರ ನಿಂತಿತ್ತು, ಆ ಸವಕಳಿ ಬಿಡಬಹುದಲ್ಲ ಎಂದು ಕೇಳುವವರಿದ್ದಾರೆ. ಸ್ಥಿರ ಕಂತಿನಲ್ಲಿ ಬಿಡುವಂತಿಲ್ಲ. ನಿಂತ ಯಂತ್ರವನ್ನು ಉಪ್ಪುಗಾಳಿಯೂ ಬಿಡುವುದಿಲ್ಲ.

ಹಿಂದಿನದನ್ನು ಏಕೆ ಮುಟ್ಟಬಾರದು?

2020ರಲ್ಲಿ 12 ವರ್ಷ ಎಂದದ್ದು ಆಗ ತಿಳಿದಿದ್ದ ಮಾಹಿತಿಯ ಮೇಲೆ ಮಾಡಿದ ಅಂದಾಜು. ಈಗ ಹೊಸ ಮಾಹಿತಿ ಬಂದಿದೆ, ಅಷ್ಟೇ. ಅದು ತಪ್ಪಲ್ಲ. ಆದರೆ 13,00,000 ಬರೆಯುವಲ್ಲಿ 10,30,000 ಎಂದು ಬರೆದಿದ್ದರೆ, ಅಥವಾ ಒಂದು ವರ್ಷದ ಸವಕಳಿಯನ್ನೇ ಮರೆತಿದ್ದರೆ ಅದು ತಪ್ಪು. ಅದನ್ನು ಹಿಂದಿನ ಅವಧಿಯ ತಪ್ಪೆಂದೇ ತೋರಿಸಿ ತಿದ್ದಬೇಕು, ಐದು ವರ್ಷಕ್ಕೆ ಹಂಚಿ ಮುಚ್ಚಬಾರದು.

ಹಳೆಯ ಕೈಗಳು ‘ಮೊದಲಿಂದ ಲೆಕ್ಕ ಹಾಕು’ ಎನ್ನುವುದಕ್ಕೂ ಕಾರಣವಿದೆ. ಹಿಂದೆ ಜಾರಿಯಲ್ಲಿದ್ದ ಎಎಸ್ 6 ಎಂಬ ಲೆಕ್ಕಪತ್ರ ಮಾನದಂಡದ ಪ್ರಕಾರ ಸವಕಳಿಯ ಪದ್ಧತಿ ಬದಲಿಸಿದರೆ ಯಂತ್ರ ಬಂದ ದಿನದಿಂದ ಮರುಲೆಕ್ಕ ಹಾಕಬೇಕಿತ್ತು. ಪರಿಷ್ಕೃತ ಎಎಸ್ 10 ಬಂದ 2016ರ ನಂತರ ಅದೂ ಮುಂದಿನ ವರ್ಷಗಳಿಗೆ ಮಾತ್ರ. ಆಯುಷ್ಯದ ಬದಲಾವಣೆಗಂತೂ ಹಳೆಯ ಕಾಲದಲ್ಲೂ ಮರುಲೆಕ್ಕ ಇರಲಿಲ್ಲ. ಎರಡು ನಿಯಮ ಬಾಯಿಂದ ಬಾಯಿಗೆ ಬರುತ್ತ ಬೆರೆತುಹೋಗಿವೆ.

ಟಿಪ್ಪಣಿ, ತೆರಿಗೆ

ವಾರ್ಷಿಕ ಲೆಕ್ಕಪತ್ರದ ಟಿಪ್ಪಣಿಯಲ್ಲಿ ಏನು ಬದಲಾಯಿತು, ಏಕೆ, ಈ ವರ್ಷದ ಲಾಭಕ್ಕೆ ಎಷ್ಟು ಪೆಟ್ಟು ಎಂದು ಬರೆಯಿರಿ. ಮೊದಲ ಉದಾಹರಣೆಯಲ್ಲಿ ಸವಕಳಿ 70,000 ಹೆಚ್ಚಿದೆ. ಸಾಲ ಕೊಟ್ಟ ಬ್ಯಾಂಕಿನವರು ಲಾಭ ಇಳಿದದ್ದೇಕೆ ಎಂದು ಕೇಳಿದಾಗ ತೋರಿಸಲು ಈ ಎರಡು ಸಾಲು ಬೇಕಾಗುತ್ತವೆ. ಕಂಪನಿಯಾಗಿದ್ದರೆ ಕಂಪನಿ ಕಾಯ್ದೆಯ 2ನೇ ಅನುಸೂಚಿಯಲ್ಲಿರುವ ಆಯುಷ್ಯಕ್ಕಿಂತ ಬೇರೆಯದನ್ನು ಹಿಡಿದಿರುವುದಕ್ಕೆ ತಾಂತ್ರಿಕ ಆಧಾರವನ್ನೂ ಹೇಳಬೇಕು.

ಆದಾಯ ತೆರಿಗೆಯಲ್ಲಿ ಮಾತ್ರ ಇದರಿಂದ ಬಿಡಿಗಾಸೂ ಬದಲಾಗದು. ಅಲ್ಲಿ ಸಾಮಾನ್ಯ ಯಂತ್ರಗಳಿಗೆ ಗುಂಪಿನ ಮೇಲೆ ಇಳಿಕೆ ಶಿಲ್ಕು ಪದ್ಧತಿಯಲ್ಲಿ ಶೇ 15. ನೀವು ಎಷ್ಟು ವರ್ಷ ಎಂದುಕೊಂಡಿರಿ ಎಂಬುದನ್ನು ಅದು ಕೇಳುವುದಿಲ್ಲ.

ಲೆಕ್ಕ ನಿಲ್ಲದ ಕಡೆ

ಶಿರಸಿ ಕಡೆಯ ಅಡಿಕೆ ಸುಲಿಯುವ ಯಂತ್ರಗಳಲ್ಲಿ ಆಗುವುದು ಇದಕ್ಕೆ ತದ್ವಿರುದ್ಧ. ಸುಗ್ಗಿಯಲ್ಲಷ್ಟೇ ಓಡುವ ಯಂತ್ರ ಅಂದಾಜಿಗಿಂತ ಹೆಚ್ಚು ಬಾಳಬಹುದು. ಆಗ ಅದೇ ಸೂತ್ರದಲ್ಲಿ ಕಂತು ಇಳಿಯುತ್ತದೆ. ಆದರೆ ಪುಸ್ತಕ ಮೌಲ್ಯ ಈಗಾಗಲೇ ಗುಜರಿ ಬೆಲೆಗೆ ಬಂದು ನಿಂತಿದ್ದರೆ ಹಂಚಲು ಏನೂ ಇಲ್ಲ. ಕಳೆದ ಸವಕಳಿಯನ್ನು ವಾಪಸ್ ತಂದು ಹೊಸ ಆಯುಷ್ಯಕ್ಕೆ ಹರಡುವಂತಿಲ್ಲ.

ಇನ್ನೊಂದು, ಕಂಡೆನ್ಸರ್ ನಿಧಾನವಾಗಿ ಸವೆಯುವ ಬದಲು ಗಾಳಿಮಳೆಗೆ ಮರ ಬಿದ್ದು ಅರ್ಧ ಜಜ್ಜಿಹೋದರೆ ಆಯುಷ್ಯ ತಿದ್ದುವುದಷ್ಟೇ ಸಾಲದು. ಮಾರಿದರೆ ಬರುವ ಮೊತ್ತ, ಬಳಸಿದರೆ ಬರುವ ಮೊತ್ತ, ಇವೆರಡರಲ್ಲಿ ಹೆಚ್ಚಿನದೂ ಪುಸ್ತಕ ಮೌಲ್ಯಕ್ಕಿಂತ ಕಡಿಮೆ ಇದ್ದರೆ ಆ ನಷ್ಟವನ್ನು ಅದೇ ವರ್ಷ ಪೂರ್ತಿ ಬರೆದುಹಾಕಿ, ಉಳಿದದ್ದನ್ನಷ್ಟೇ ಮುಂದಿನ ವರ್ಷಗಳಿಗೆ ಹಂಚಬೇಕು.